ಒಂದು ರೂಪಾಯಿ ಏರಿಸಿ ನೋಡಿ

ಅರ್ಥಶಾಸ್ತ್ರದ ಉತ್ತರ ಪತ್ರಿಕೆ ತಿದ್ದಲು ಕೂತಾಗಲೆಲ್ಲ ಒಂದೇ ತಪ್ಪು ಎದುರಾಗುತ್ತದೆ. ಪ್ರಶ್ನೆ ಹೀಗಿರುತ್ತದೆ ಅಂದುಕೊಳ್ಳಿ: “ನಗರವೊಂದರಲ್ಲಿ 200 ಬ್ಯೂಟಿ ಪಾರ್ಲರ್‌ಗಳಿವೆ. ಒಂದೊಂದರದು ಒಂದೊಂದು ಶೈಲಿ. ಹೊಸದಾಗಿ ತೆರೆಯಲು ಯಾವ ಅಡ್ಡಿಯೂ ಇಲ್ಲ. ದೀರ್ಘಾವಧಿಯಲ್ಲಿ ಯಾರಿಗೂ ಅಸಾಮಾನ್ಯ ಲಾಭ ಉಳಿಯುವುದಿಲ್ಲ. ಇದು ಯಾವ ಮಾರುಕಟ್ಟೆ?” ಎಷ್ಟೋ ಮಕ್ಕಳು 200 ಎಂಬ ಅಂಕಿ ನೋಡಿದ್ದೇ ತಡ, ಒಂದೇ ತೆರನಾದ ಸರಕನ್ನು ಬಹಳ ಜನ ಮಾರುವ ಪರಿಪೂರ್ಣ ಪೈಪೋಟಿ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಲಾಭ ಉಳಿಯುವುದಿಲ್ಲ ಎಂಬ ಕೊನೆಯ ಸಾಲು ಅವರ ಧೈರ್ಯವನ್ನು ಇನ್ನಷ್ಟು ಹೆಚ್ಚಿಸಿರುತ್ತದೆ.

ತಲೆ ಎಣಿಸಬೇಡಿ ಅಂತ ವರ್ಷವಿಡೀ ಬಾಯಿ ಬಡಿದುಕೊಂಡಿರುತ್ತೇನೆ. ಎಣಿಕೆ ಬೇಡವೇ ಬೇಡ ಅಂತಲ್ಲ, ಅದೊಂದೇ ಸಾಲದು. ವ್ಯಾಪಾರಿ ತನ್ನ ಬೆಲೆಯನ್ನು ಒಂದು ರೂಪಾಯಿ ಏರಿಸಿದರೆ ಏನಾಗುತ್ತದೆ ಎಂದು ಕೇಳಿಕೊಂಡರೆ ಗೊಂದಲ ಬಹುಪಾಲು ಕರಗುತ್ತದೆ.

ಕೋಲಾರದ ಎಪಿಎಂಸಿಗೆ ಟೊಮೆಟೊ ತರುವ ರೈತನನ್ನು ನೋಡಿ. ಅವನ ಹದಿನೈದು ಕಿಲೋ ಬಾಕ್ಸಿನ ಪಕ್ಕದಲ್ಲೇ ಅಂಥವೇ ಸಾಲು ಸಾಲು ಬಾಕ್ಸುಗಳಿವೆ. ಹರಾಜಿನಲ್ಲಿ ಕೂಗಿದ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಬೇಕೆಂದರೆ ವ್ಯಾಪಾರಿ ಪಕ್ಕದ ರಾಶಿಗೆ ಸರಿಯುತ್ತಾನೆ. ಒಮ್ಮೆ ಇದನ್ನು ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಮಂಡಿಯಲ್ಲಿ ರೇಟ್ ಹೇಳೋಕೆ ನಮ್ಮಪ್ಪನಿಗೆ ಬಾಯೇ ಇಲ್ಲ ಸಾರ್” ಅಂದ. ಬೆಲೆ ಸ್ವೀಕರಿಸುವವನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಸಿಕ್ಕಿಲ್ಲ. ನಿಜವಾದ ಮಂಡಿಯಲ್ಲಿ ಗುಣಮಟ್ಟದ ವ್ಯತ್ಯಾಸವಿದೆ, ಕೊಳ್ಳುವವರೂ ಕೆಲವರೇ. ಹಾಗಾಗಿ ಇದು ಪರಿಪೂರ್ಣ ಪೈಪೋಟಿಗೆ ಹತ್ತಿರ, ಅಷ್ಟೇ.

ಈಗ ಪಾರ್ಲರಿಗೆ ಬನ್ನಿ. ಐಬ್ರೋಗೆ ಒಂದು ರೂಪಾಯಿಯಲ್ಲ, ಹತ್ತು ರೂಪಾಯಿ ಏರಿಸಿದರೂ ಕೈ ಹಿಡಿದವರೆಲ್ಲ ಬಿಟ್ಟು ಹೋಗುವುದಿಲ್ಲ. ಕೆಲವರು ಹೋಗುತ್ತಾರೆ. “ಅಕ್ಕನ ಕೈ ನಮಗೆ ಒಗ್ಗಿದೆ” ಅನ್ನುವವರು ಉಳಿಯುತ್ತಾರೆ. ಆ ಉಳಿದವರ ಮಟ್ಟಿಗೆ ಅಕ್ಕ ಪುಟ್ಟ ಏಕಸ್ವಾಮಿ. ಲಾಭ ಜಾಸ್ತಿ ಕಂಡರೆ ಎದುರು ಬೀದಿಯಲ್ಲಿ ಇನ್ನೊಂದು ಬೋರ್ಡು ಏಳುತ್ತದೆ, ಗಿರಾಕಿ ಹಂಚಿಹೋಗುತ್ತದೆ, ಅಸಾಮಾನ್ಯ ಲಾಭ ಕರಗುತ್ತದೆ. ಪ್ರವೇಶ ಮುಕ್ತವಾಗಿರುವುದರಿಂದ ದೀರ್ಘಾವಧಿಯ ಈ ಫಲ ಪರಿಪೂರ್ಣ ಪೈಪೋಟಿಗೂ ಪಾರ್ಲರುಗಳ ಮಾರುಕಟ್ಟೆಗೂ ಒಂದೇ. ಆದ್ದರಿಂದ ಲಾಭದ ಸಾಲನ್ನು ನೋಡಿ ಎರಡನ್ನು ಬೇರ್ಪಡಿಸಲು ಬರುವುದಿಲ್ಲ. ಬೇರ್ಪಡಿಸುವುದು “ಒಂದೊಂದರದು ಒಂದೊಂದು ಶೈಲಿ” ಎಂಬ ಮಾತು. ಉತ್ತರ ಏಕಸ್ವಾಮ್ಯದ ಪೈಪೋಟಿ. 1933ರಲ್ಲಿ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಚೇಂಬರ್ಲಿನ್ ಈ ಎರಡು ಪದಗಳನ್ನು ಒಟ್ಟಿಗೆ ಕಟ್ಟಿದ್ದೇ ಎರಡರ ಗುಣವೂ ಇದಕ್ಕಿದೆ ಎನ್ನಲು. ನಮ್ಮ ಮಕ್ಕಳು ಮಾತ್ರ ಮೊದಲ ಪದವನ್ನಷ್ಟೇ ಓದಿ ಗಾಬರಿಯಾಗುತ್ತಾರೆ.

ಏಕಸ್ವಾಮ್ಯದಲ್ಲಿ ಗೊಂದಲ ಕಡಿಮೆ. ಬೆಂಗಳೂರಿನ ಮನೆಗೆ ಬೆಸ್ಕಾಂ ಬಿಟ್ಟರೆ ಕರೆಂಟು ಕೊಡುವವರು ಬೇರೆ ಇಲ್ಲ. ದರ ಏರಿದರೆ ಒಂದು ಫ್ಯಾನ್ ಆರಿಸುತ್ತೇವೆಯೇ ಹೊರತು ಪಕ್ಕದ ಕಂಪನಿಗೆ ಹೋಗಲಾಗದು. (ದರ ನಿಗದಿ ಮಾಡುವುದು ವಿದ್ಯುತ್ ನಿಯಂತ್ರಣ ಆಯೋಗ, ಆದ್ದರಿಂದ ಬೆಸ್ಕಾಂ ಮನಸ್ಸಿಗೆ ಬಂದಂತೆ ಏರಿಸುತ್ತದೆ ಎಂದು ಬರೆಯಬೇಡಿ.)

ಮಾರುವವರು ಕೆಲವರೇ ಇರುವ ಅಲ್ಪಸ್ವಾಮ್ಯದಲ್ಲಿ ನನ್ನ ಒಂದು ರೂಪಾಯಿಯ ಪ್ರಶ್ನೆಗೆ ನೇರ ಉತ್ತರ ಬರುವುದಿಲ್ಲ. ಉತ್ತರ ಬಾರದಿರುವುದೇ ಅದರ ಗುರುತು. 2024ರ ಜೂನ್ ಕೊನೆಯಲ್ಲಿ ಜಿಯೋ ಮೊಬೈಲ್ ದರ ಏರಿಸುವುದಾಗಿ ಹೇಳಿತು. ಒಂದೆರಡು ದಿನದೊಳಗೆ ಏರ್‌ಟೆಲ್, ವೊಡಾಫೋನ್ ಐಡಿಯಾ ಕೂಡ ಏರಿಕೆ ಘೋಷಿಸಿದವು. ಸರ್ಕಾರಿ ಬಿಎಸ್‌ಎನ್‌ಎಲ್ ಆಗ ಏರಿಸಲಿಲ್ಲ. ಜಿಯೋ ಒಂದೇ ಏರಿಸಿ ಉಳಿದವರು ಸುಮ್ಮನಿದ್ದಿದ್ದರೆ ಫಲ ಬೇರೆಯೇ ಆಗುತ್ತಿತ್ತು. ಏರಿಸಿದರೆ ಏನಾದೀತೆಂಬುದು ಎದುರಾಳಿಯ ನಡೆಯ ಮೇಲೆ ನಿಂತಿದ್ದರೆ ಅದು ಅಲ್ಪಸ್ವಾಮ್ಯ. ಸರಕು ಒಂದೇ ತೆರನಾಗಿದ್ದರೂ ಅಷ್ಟೇ. “ಐದು ಕಂಪನಿಗಳು, ಒಂದೇ ಗುಣದ ಉಕ್ಕು” ಎಂದು ಕೊಟ್ಟರೆ ‘ಒಂದೇ ಗುಣ’ ಎಂಬುದನ್ನು ಕಂಡು ಪರಿಪೂರ್ಣ ಪೈಪೋಟಿಗೆ ಓಡಬೇಡಿ.

ಒಂದು ಎಚ್ಚರಿಕೆ ಇದೆ. ಪ್ರಶ್ನೆಯಲ್ಲಿಲ್ಲದ್ದನ್ನು ನಾವು ಸೇರಿಸಬಾರದು. “ಹಳ್ಳಿಯಲ್ಲಿ ಒಂದೇ ಔಷಧಿ ಅಂಗಡಿ” ಎಂದಷ್ಟೇ ಇದ್ದರೆ ಏಕಸ್ವಾಮ್ಯ ಎನ್ನಬಹುದು. “ಮೂರು ಕಿಲೋಮೀಟರ್ ಆಚೆ ಪೇಟೆಯಲ್ಲಿ ಹತ್ತು ಅಂಗಡಿಗಳಿವೆ, ಬಸ್ಸು ಗಂಟೆಗೊಂದಿದೆ” ಎಂದೂ ಬರೆದಿದ್ದರೆ ಮಾರುಕಟ್ಟೆಯ ಗಡಿ ಹಳ್ಳಿಗೇ ಮುಗಿಯುವುದಿಲ್ಲ. ಇದನ್ನು ಹೇಳಿಕೊಟ್ಟ ಮರುದಿನ ಮೊದಲ ಸಾಲಿನ ಹುಡುಗಿ, “ರಾತ್ರಿ ಹತ್ತರ ಮೇಲೆ ಬಸ್ಸಿಲ್ಲವಲ್ಲ ಸಾರ್, ಆಗ?” ಎಂದು ಕೇಳಿದಳು. ಆಗ ಅದು ಏಕಸ್ವಾಮ್ಯವೇ ಅಂದೆ. ಆದರೆ ಪರೀಕ್ಷೆಯಲ್ಲಿ ಬಸ್ಸಿನ ವೇಳಾಪಟ್ಟಿಯನ್ನು ನೀನಾಗಿ ಬರೆಯಬೇಡ ಎಂದೂ ಹೇಳಿದೆ.