ಎಣ್ಣೆಗೆ ಬೆಂಕಿ, ಗ್ಯಾಸ್ ವಾಸನೆ: ಕೈ ಮೊದಲು ಎಲ್ಲಿಗೆ ಹೋಗಬೇಕು?

ತರಬೇತಿ ಅಡುಗೆಮನೆಯಲ್ಲಿ ನಮ್ಮ ಮೊದಲ ಡ್ರಿಲ್. ಕಲಿಸುವವರು ಏನೂ ಹೇಳದೆ ಒಂದು ರಟ್ಟಿನ ಚೀಟಿ ಎತ್ತಿ ಹಿಡಿದರು. ಅದರಲ್ಲಿ 'ಗ್ಯಾಸ್ ವಾಸನೆ ಬರುತ್ತಿದೆ' ಎಂದು ಬರೆದಿತ್ತು. ನಮ್ಮಲ್ಲೊಬ್ಬ ಓಡಿ ಹೋಗಿ ಎಕ್ಸಾಸ್ಟ್ ಫ್ಯಾನ್ ಹಾಕಿದ. ವಾಸನೆ ಬಂದರೆ ಫ್ಯಾನ್ ಹಾಕೋದು, ಅಷ್ಟೇ ಅಲ್ವಾ? ಅವರು ಚೀಟಿ ಕೆಳಗಿಳಿಸಿ, "ಡ್ರಿಲ್ ಮುಗಿಯಿತು, ಬನ್ನಿ" ಎಂದರು. ಸ್ವಿಚ್ ಒತ್ತಿದಾಗ ಒಳಗೆ ಹಾರುವ ಸಣ್ಣ ಕಿಡಿಯೇ ಸಾಕಿತ್ತು ಎನ್ನುವುದು ನಮಗೆ ಆಮೇಲೆ ಹೊಳೆಯಿತು.

ಅವತ್ತಿನಿಂದ ನಾನು ಈ ಪಾಠವನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ಓದುತ್ತಿದ್ದೇನೆ. ಗಾಬರಿಯಾದಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ? ಎಣ್ಣೆ ಹೊತ್ತಿಕೊಂಡರೆ ನಲ್ಲಿಗೆ, ಗ್ಯಾಸ್ ಸೋರಿದರೆ ಸ್ವಿಚ್ಚಿಗೆ. ಎರಡೂ ತಪ್ಪು. ಎರಡೂ ಕಡೆ ಅದು ಮೊದಲು ಹೋಗಬೇಕಾದ್ದು ಉರಿ ಅಥವಾ ಗ್ಯಾಸ್ ಬಂದ್ ಮಾಡುವ ಜಾಗಕ್ಕೆ.

ಎಣ್ಣೆ ಯಾಕೆ ಮತ್ತೆ ಮತ್ತೆ ಹೊತ್ತಿಕೊಳ್ಳುತ್ತದೆ

ಕರಿಯುವ ಎಣ್ಣೆ ಸಾಮಾನ್ಯವಾಗಿ 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರುತ್ತದೆ. ಇನ್ನೂ ಕಾಯುತ್ತಾ ಹೋದರೆ ಮೊದಲು ತೆಳು ಹೊಗೆ, ಆಮೇಲೆ ಮೂಗಿಗೆ ಚುಚ್ಚುವ ದಟ್ಟ ಹೊಗೆ. ಸುಮಾರು 350 ಡಿಗ್ರಿ ಮುಟ್ಟಿದಾಗ ಕಿಡಿಯೇ ಬೇಕಿಲ್ಲ, ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಎಣ್ಣೆ ಎಷ್ಟು ಹಳೆಯದು, ಯಾವ ಬಗೆಯದು ಎನ್ನುವುದರ ಮೇಲೆ ಇದು ಸ್ವಲ್ಪ ಹಿಂದೆಮುಂದೆ ಆಗುತ್ತದೆ.

ಇದಕ್ಕೆ ಎಷ್ಟು ಹೊತ್ತು ಬೇಕು? ಒಂದು ಲೆಕ್ಕ ಹಾಕಿ ನೋಡಿದೆ. 10 ಲೀಟರ್ ಎಣ್ಣೆ ಇರುವ ಫ್ರೈಯರ್, ಕಾಯಿಸುವ ಕಾಯಿಲ್ 6 ಕಿಲೋವಾಟಿನದು. ಥರ್ಮೋಸ್ಟಾಟ್ ಕೆಟ್ಟು ಕಾಯಿಲ್ ಆಫ್ ಆಗುತ್ತಿಲ್ಲ ಅಂದುಕೊಳ್ಳಿ. ಎಣ್ಣೆಯ ತೂಕ ಸುಮಾರು 9 ಕೆಜಿ. ಒಂದು ಕೆಜಿಯನ್ನು ಒಂದು ಡಿಗ್ರಿ ಏರಿಸಲು ಸುಮಾರು 2.3 ಕಿಲೋಜೌಲ್ ಬೇಕು. 180ರಿಂದ 350ಕ್ಕೆ 170 ಡಿಗ್ರಿ. ಗುಣಿಸಿದರೆ ಸುಮಾರು 3,500 ಕಿಲೋಜೌಲ್. 6 ಕಿಲೋವಾಟ್ ಅಂದರೆ ಸೆಕೆಂಡಿಗೆ 6 ಕಿಲೋಜೌಲ್, ಹಾಗಾಗಿ ಹತ್ತು ನಿಮಿಷದ ಆಸುಪಾಸು. ಗಾಳಿಗೆ ಹೋಗುವ ಶಾಖ ಸೇರಿಸಿದರೆ ಇನ್ನು ಸ್ವಲ್ಪ ಜಾಸ್ತಿ. ಸ್ಟೋರಿಗೆ ಹೋಗಿ ಸಾಮಾನು ಎಣಿಸಿ ಬರುವಷ್ಟು ಹೊತ್ತು, ಅಷ್ಟೇ. ಈ ಹತ್ತು ನಿಮಿಷದಲ್ಲಿ ಸಿಗುವ ಒಂದೇ ಎಚ್ಚರಿಕೆ ಹೊಗೆ. ಅದಕ್ಕೇ ಎಣ್ಣೆ ಹೊಗೆಯಾಡಿದರೆ ಅದನ್ನು ಅಡುಗೆಯ ತಪ್ಪು ಅಂತ ನೋಡಬೇಡಿ. ಉರಿ ಬಂದ್ ಮಾಡುವ ಹೊತ್ತು ಅದು.

ಈಗ ಮುಖ್ಯವಾದ ಸಂಗತಿ. ಜ್ವಾಲೆ ಆರಿದ ಮಾತ್ರಕ್ಕೆ ಎಣ್ಣೆ ತಣ್ಣಗಾಗಿರುವುದಿಲ್ಲ. ಅದಿನ್ನೂ 350ರ ಮೇಲೆಯೇ ಇದ್ದರೆ, ಗಾಳಿ ಸಿಕ್ಕ ಕೂಡಲೇ ಮತ್ತೆ ಹೊತ್ತಿಕೊಳ್ಳುತ್ತದೆ. ಸಣ್ಣ ಬಾಣಲೆಯಾದರೆ ಉರಿ ಬಂದ್ ಮಾಡಿ, ಲೋಹದ ಮುಚ್ಚಳವನ್ನೋ ಫೈರ್ ಬ್ಲಾಂಕೆಟ್ಟನ್ನೋ ನಮ್ಮ ಕಡೆಯಿಂದ ಆ ಕಡೆಗೆ ಜಾರಿಸಿ ಮುಚ್ಚಬೇಕು. ಬ್ಲಾಂಕೆಟ್ಟಾದರೆ ಅಂಚನ್ನು ಅಂಗೈ ಮೇಲೆ ಮಡಚಿಕೊಂಡಿರಬೇಕು, ಇಲ್ಲದಿದ್ದರೆ ಬೆರಳು ಸುಡುತ್ತದೆ. ಮುಚ್ಚಿದ ಮೇಲೆ ಬಿಟ್ಟುಬಿಡಿ. 'ಆರಿತಾ ನೋಡೋಣ' ಅಂತ ಎರಡು ನಿಮಿಷಕ್ಕೆ ಎತ್ತಿ ನೋಡುವವರ ಮುಖಕ್ಕೇ ಬೆಂಕಿ ಹೊಡೆಯುತ್ತದೆ. ಉರಿಯುವ ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡುವುದಂತೂ ಬೇಡವೇ ಬೇಡ. ದೊಡ್ಡ ಫ್ರೈಯರಿಗೆ ಬ್ಲಾಂಕೆಟ್ ನಂಬಬೇಡಿ. ಅಷ್ಟು ಎಣ್ಣೆಯ ಶಾಖವನ್ನು ಅದು ತಡೆಯುವುದಿಲ್ಲ.

ನೀರು ಯಾಕೆ ಬೇಡ? ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಅಲ್ಲಿ ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಮೇಲಿರುವ ಉರಿಯುವ ಎಣ್ಣೆಯನ್ನು ಹನಿಹನಿಯಾಗಿ ಚಾವಣಿವರೆಗೆ ಎಸೆಯುತ್ತದೆ. ಒಂದು ಲೋಟ ನೀರೂ ಸಾಕು.

ಯಾವ ಎಕ್ಸ್‌ಟಿಂಗ್ವಿಶರ್

ಪರೀಕ್ಷೆಯಲ್ಲಿ ಎಲ್ಲರೂ 'ಎಬಿಸಿ ಪೌಡರ್ ಎಲ್ಲಕ್ಕೂ ಆಗುತ್ತದೆ' ಎಂದು ಬರೆದು ಅಂಕ ಕಳೆದುಕೊಳ್ಳುವ ಜಾಗ ಇದು. ಎಬಿಸಿ ಪೌಡರ್ ಎಣ್ಣೆಯ ಮೇಲಿನ ಜ್ವಾಲೆಯನ್ನು ಹೊಡೆದುರುಳಿಸುತ್ತದೆ, ನಿಜ. ಆದರೆ ಎಣ್ಣೆಯನ್ನು ತಣಿಸುವುದಿಲ್ಲ, ಮೇಲೆ ಗಟ್ಟಿ ಪದರ ಕಟ್ಟುವುದೂ ಇಲ್ಲ. ಪುಡಿ ಖಾಲಿಯಾದ ಮೇಲೆ ಎಣ್ಣೆ ಮತ್ತೆ ಹೊತ್ತಿಕೊಳ್ಳುತ್ತದೆ. ಆಗ ನಿಮ್ಮ ಕೈಯಲ್ಲಿರುವುದು ಖಾಲಿ ಡಬ್ಬ. ಕಾರ್ಬನ್ ಡೈಆಕ್ಸೈಡ್ ಕಥೆಯೂ ಹೆಚ್ಚು ಕಡಿಮೆ ಅದೇ, ಜೊತೆಗೆ ಅದರ ರಭಸಕ್ಕೆ ಎಣ್ಣೆ ಚೆಲ್ಲಾಡುವ ಭಯ ಬೇರೆ.

ಎಣ್ಣೆಗೆಂದೇ ಇರುವುದು ವೆಟ್ ಕೆಮಿಕಲ್. ಯುರೋಪಿನ ಪದ್ಧತಿಯಲ್ಲಿ ಅಡುಗೆ ಎಣ್ಣೆಯ ಬೆಂಕಿಗೆ 'ಎಫ್' ವರ್ಗ, ಅಮೆರಿಕದಲ್ಲಿ 'ಕೆ' ವರ್ಗ. ಅಕ್ಷರ ಬೇರೆ, ಬೆಂಕಿ ಅದೇ. ಒಳಗಿರುವುದು ಪೊಟ್ಯಾಸಿಯಂ ಲವಣಗಳ ಕ್ಷಾರೀಯ ದ್ರಾವಣ. ಬಿಸಿ ಎಣ್ಣೆಗೆ ತಾಕಿದ ಕೂಡಲೇ ಮೇಲ್ಪದರ ಸಾಬೂನಿನಂತಾಗಿ ನೊರೆಗಟ್ಟುತ್ತದೆ. ಸಾಬೂನು ಮಾಡುವಾಗ ಆಗುವ ಕ್ರಿಯೆಯೇ ಇದು. ನೊರೆ ಗಾಳಿಯನ್ನು ತಡೆಯುತ್ತದೆ, ದ್ರಾವಣದಲ್ಲಿರುವ ನೀರು ಎಣ್ಣೆಯನ್ನು ತಣಿಸುತ್ತದೆ. 'ಈಗ ತಾನೇ ನೀರು ಬೇಡ ಅಂದಿರಿ' ಅನ್ನಬಹುದು. ಇದು ಸಣ್ಣ ಹನಿಗಳಾಗಿ, ಮೆಲ್ಲಗೆ, ಮೇಲ್ಭಾಗಕ್ಕೆ ಬೀಳುತ್ತದೆ, ಸುರಿಯುವುದಿಲ್ಲ. ಅದಕ್ಕೇ ಈ ಎಕ್ಸ್‌ಟಿಂಗ್ವಿಶರಿಗೆ ಉದ್ದ ಕೊಳವೆ ಇರುತ್ತದೆ.

ಬಳಸುವ ರೀತಿಯಲ್ಲೂ ವ್ಯತ್ಯಾಸವಿದೆ. ಪಿನ್ ಎಳೆ, ಗುರಿ ಇಡು, ಒತ್ತು, ಆಚೀಚೆ ಬೀಸು ಎಂದು ಕಲಿತಿರುತ್ತೇವೆ. ಆ ಕೊನೆಯ ಬೀಸುವಿಕೆ ಇಲ್ಲಿ ಬೇಡ. ಮೊದಲು ಫ್ರೈಯರಿನ ಉರಿ ಬಂದ್. ಒಂದು ಮೀಟರಿಗಿಂತ ದೂರ ನಿಂತು, ಕೊಳವೆಯ ತುದಿಯನ್ನು ಎತ್ತರಿಸಿ ಹಿಡಿದು, ಎಣ್ಣೆಯ ಮೇಲೆ ನಿಧಾನವಾಗಿ ಸುತ್ತು ಹಾಕುತ್ತಾ ಸಿಂಪಡಿಸಬೇಕು. ಬೆಂಕಿ ಆರಿದರೂ ನಿಲ್ಲಿಸದೆ ಪೂರ್ತಿ ಖಾಲಿ ಮಾಡಬೇಕು, ತಣಿಸುವ ಕೆಲಸ ಆಗ ಇನ್ನೂ ನಡೆಯುತ್ತಿರುತ್ತದೆ. ಹುಡ್‌ನಲ್ಲೇ ಬೆಂಕಿ ನಂದಿಸುವ ವ್ಯವಸ್ಥೆ ಇದ್ದರೆ ಮೊದಲು ಅದರ ಹಿಡಿ ಎಳೆಯಬೇಕು, ಎಕ್ಸ್‌ಟಿಂಗ್ವಿಶರ್ ಆಮೇಲೆ. ಒಂದು ಖಾಲಿಯಾಗಿಯೂ ಬೆಂಕಿ ಆರದಿದ್ದರೆ ಅಥವಾ ಬೆಂಕಿ ಹುಡ್‌ನ ಒಳಕ್ಕೆ ಹೋದರೆ ಹೊರಗೆ ನಡೆಯಿರಿ. ಇನ್ನು ಕರೆಂಟಿನ ಪ್ಯಾನಲ್‌ಗೆ ಹತ್ತಿದ ಬೆಂಕಿಗೆ ಕಾರ್ಬನ್ ಡೈಆಕ್ಸೈಡ್ ಸರಿ, ಹಾಗಾಗಿ ಅಡುಗೆಮನೆಯಲ್ಲಿ ಎರಡೂ ಬೇಕು.

ಗ್ಯಾಸ್ ಕೆಳಗೆ ಮಲಗುತ್ತದೆ

ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲ ಹಿಡಿದು ಹರಿದು ಚರಂಡಿ, ಗುಂಡಿಗಳಲ್ಲಿ ನಿಲ್ಲುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಚಾವಣಿಗೆ ಏರುತ್ತದೆ. ಎಲ್‌ಪಿಜಿಯ ಡಿಟೆಕ್ಟರನ್ನು ನೆಲದ ಹತ್ತಿರವೂ ನೈಸರ್ಗಿಕ ಅನಿಲದ್ದನ್ನು ಮೇಲೆಯೂ ಇಡುವುದು ಇದಕ್ಕೇ.

ಎಲ್‌ಪಿಜಿ ಗಾಳಿಯಲ್ಲಿ ಸುಮಾರು 2 ಶೇಕಡಾ ಸೇರಿದರೂ ಕಿಡಿಗೆ ಹೊತ್ತಿಕೊಳ್ಳಬಲ್ಲದು. 4 ಮೀಟರ್ ಅಗಲ, 5 ಮೀಟರ್ ಉದ್ದದ ಕೋಣೆ ನೋಡೋಣ. ಗ್ಯಾಸ್ ನೆಲದಿಂದ 30 ಸೆಂಟಿಮೀಟರ್ ಎತ್ತರದವರೆಗೆ ಹರಡಿದೆ ಅಂದುಕೊಂಡರೆ ಆ ಪದರ 6 ಘನ ಮೀಟರ್. ಅದರ 2 ಶೇಕಡಾ ಅಂದರೆ 120 ಲೀಟರ್ ಗ್ಯಾಸ್, ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಕೆಜಿ. ಇಡೀ ಸಿಲಿಂಡರ್ ಖಾಲಿಯಾಗಬೇಕಿಲ್ಲ. ನಿಂತವರ ಮೂಗಿಗೆ ಸಣ್ಣ ವಾಸನೆ, ಕಾಲ ಬಳಿ ಅಪಾಯ. ಮೂಗನ್ನು ಪೂರ್ತಿ ನಂಬುವಂತೆಯೂ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಅದು ವಾಸನೆಗೆ ಒಗ್ಗಿಹೋಗುತ್ತದೆ. ಹೊರಗಿನಿಂದ ಬಂದವರು 'ಗ್ಯಾಸ್ ವಾಸನೆ' ಅಂದರೆ ಒಳಗಿದ್ದವರು 'ಇಲ್ಲಪ್ಪಾ, ಸುಮ್ನೆ' ಅನ್ನುವುದು ಇದರಿಂದಲೇ. ಬಂದವರ ಮಾತನ್ನೇ ನಂಬಿ.

ಆಗ ಮಾಡುವುದಿಷ್ಟು. ಒಲೆ, ಪೈಲಟ್ ಜ್ವಾಲೆ ಎಲ್ಲ ಆರಬೇಕು, ಅದಕ್ಕೆ ಸುಲಭದ ದಾರಿ ಮೇನ್ ವಾಲ್ವ್ ಬಂದ್ ಮಾಡುವುದು. ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ಆರಿಸುವಾಗಲೂ ಕಿಡಿ ಹಾರುತ್ತದೆ. ಉರಿಯುತ್ತಿರುವ ದೀಪ ಉರಿಯುತ್ತಿರಲಿ. ಕಿಟಕಿ, ಬಾಗಿಲು ಕೈಯಿಂದ ತೆರೆದು ಹೊರಗೆ ಹೋಗಿ, ಅಲ್ಲಿಂದ ಫೋನ್ ಮಾಡಿ.

ರೆಗ್ಯುಲೇಟರ್ ಬಳಿಯೋ ಪೈಪಿನಲ್ಲೋ ಜ್ವಾಲೆ ಕಂಡರೆ ಮಾತ್ರ ಬೇರೆ ನಿಯಮ. ವಾಲ್ವ್ ಮುಚ್ಚಲು ಸಾಧ್ಯವಿಲ್ಲದಿದ್ದರೆ ಆ ಜ್ವಾಲೆಯನ್ನು ಆರಿಸಬೇಡಿ. ಉರಿಯುವ ಗ್ಯಾಸ್ ಎಲ್ಲಿದೆ ಅಂತ ಕಾಣುತ್ತದೆ. ಆರಿಸಿದರೆ ಅದೇ ಗ್ಯಾಸ್ ಕಾಣದಂತೆ ಕೋಣೆ ತುಂಬಿ, ಇನ್ನೊಂದು ಕಿಡಿಗೆ ಸಿಡಿಯುತ್ತದೆ. ಎಲ್ಲರನ್ನೂ ಹೊರಗೆ ಕಳಿಸಿ ಅಗ್ನಿಶಾಮಕ ದಳಕ್ಕೆ ಬಿಡಿ.

ಡ್ರಿಲ್‌ನಲ್ಲಿ ಏನು ನೋಡಬೇಕು

ಹೊರಗೆ ಎಷ್ಟು ಬೇಗ ಬಂದರು ಎನ್ನುವುದನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ನನ್ನ ಪ್ರಕಾರ ಮೊದಲ ಹತ್ತು ಸೆಕೆಂಡಿನಲ್ಲಿ ಯಾರ ಕೈ ಎಲ್ಲಿಗೆ ಹೋಯಿತು ಎನ್ನುವುದೇ ಹೆಚ್ಚು ಹೇಳುತ್ತದೆ. ಒಬ್ಬರು ಪಕ್ಕದಲ್ಲಿ ನಿಂತು ಅದನ್ನಷ್ಟೇ ಬರೆಯಲಿ.

ನಮ್ಮ ಎರಡನೇ ಡ್ರಿಲ್‌ನ ಟಿಪ್ಪಣಿ ಹೀಗಿತ್ತು. ಚೀಟಿ: 'ಫ್ರೈಯರಿನಲ್ಲಿ ಬೆಂಕಿ'. ಕೂಗು ಕೂಡಲೇ ಬಂತು. ಮೇನ್ ವಾಲ್ವ್ ಕಡೆ ಓಡಿದವನಿಗೆ ಮುಂದೆ ಎಣ್ಣೆ ಡಬ್ಬಗಳ ಸಾಲು ಅಡ್ಡ. ಅವನ್ನು ಸರಿಸಲು 40 ಸೆಕೆಂಡ್. ವೆಟ್ ಕೆಮಿಕಲ್ ನೇತುಹಾಕಿದ್ದು ಫ್ರೈಯರಿನ ಹಿಂದಿನ ಗೋಡೆಗೆ, ಅಂದರೆ ಅದನ್ನು ತೆಗೆಯಲು ಬೆಂಕಿಯ ಮೇಲೆಯೇ ಕೈ ಚಾಚಬೇಕು. ಅದನ್ನು ಎತ್ತಿದ ಹುಡುಗಿ "ಇಷ್ಟು ಭಾರ ಇರುತ್ತಾ ಇದು!" ಎಂದಳು. ಯಾರಿಗೂ ಅದುವರೆಗೆ ಮುಟ್ಟುವ ಪ್ರಸಂಗವೇ ಬಂದಿರಲಿಲ್ಲ. ಹೊರಗೆ ತಲೆ ಎಣಿಸಬೇಕಾದವರು ಅವತ್ತು ರಜೆ. ಅವರ ಬದಲಿಗೆ ಯಾರೆಂದು ಗೊತ್ತಿರಲಿಲ್ಲ.

ಇದರಿಂದ ಮೂರು ಬದಲಾವಣೆ ಆಯಿತು. ಎಕ್ಸ್‌ಟಿಂಗ್ವಿಶರ್ ಹೊರಬಾಗಿಲಿನ ದಾರಿಗೆ ಬಂತು, ಅದನ್ನು ತೆಗೆದುಕೊಂಡವರ ಬೆನ್ನ ಹಿಂದೆ ಬಾಗಿಲು ಇರುವ ಹಾಗೆ. ವಾಲ್ವ್ ಮುಂದಿನ ನೆಲಕ್ಕೆ ಹಳದಿ ಪಟ್ಟಿ ಬಿತ್ತು. ಕೆಲಸಗಳನ್ನು ಹೆಸರಿನ ಬದಲು ಜಾಗಕ್ಕೆ ಹಂಚಿದೆವು. ಫ್ರೈಯರಿನಲ್ಲಿ ನಿಂತವರು ಉರಿ ಬಂದ್ ಮಾಡಬೇಕು, ವಾಲ್ವಿಗೆ ಹತ್ತಿರದವರು ಗ್ಯಾಸ್, ಬಾಗಿಲ ಬಳಿ ಇರುವವರು ಎಣಿಕೆ. ಯಾರು ರಜೆ ಹಾಕಿದರೂ ಜಾಗದಲ್ಲಿ ಒಬ್ಬರು ಇದ್ದೇ ಇರುತ್ತಾರೆ. ರಾತ್ರಿ ಪಾಳಿಗೆ ಬೇರೆಯೇ ಡ್ರಿಲ್ ಮಾಡಿ, ಅಲ್ಲಿ ಜನ ಕಡಿಮೆ. ಡ್ರಿಲ್‌ಗಾಗಿ ನಿಜವಾದ ಗ್ಯಾಸ್ ಬಿಡಬೇಡಿ, ಚೀಟಿ ಸಾಕು.

ಗ್ಯಾಸ್ ಸೋರಿಕೆ ಮುಗಿದ ಮೇಲೆ ಒಳಗೆ ಹೋಗುವ ಪಾಠವನ್ನು ಎಲ್ಲರೂ ಹಾರಿಸುತ್ತಾರೆ. ಗ್ಯಾಸ್ ಕೆಲಸ ಬಲ್ಲವರು ಡಿಟೆಕ್ಟರ್ ಹಿಡಿದು ನೋಡಿ ಹೇಳಿದ ಮೇಲೆಯೇ ಒಳಗೆ. ಅವರು ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡುತ್ತಾರೆ, ಬೆಂಕಿಕಡ್ಡಿ ಹಿಡಿದು ನೋಡುವುದಿಲ್ಲ. ಮೇನ್ ವಾಲ್ವ್ ತೆರೆಯುವ ಮೊದಲು ಪ್ರತಿ ಒಲೆಯ ನಾಬ್ ಮುಚ್ಚಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಮೇನ್ ಬಂದ್ ಮಾಡಿದಾಗ ಒಲೆ ಆರಿದೆ, ನಾಬ್ ತೆರೆದೇ ಉಳಿದಿರುತ್ತದೆ. ನಮ್ಮ ಡ್ರಿಲ್ ಮುಗಿದಾಗ ಹಾಗೆ ತೆರೆದಿದ್ದವು ಎರಡು.