ಡಿಸ್ಕ್ ಬೆಂಡಾಗಿರಲಿಲ್ಲ

ಶಿವಮೊಗ್ಗದ ಗ್ರಾಹಕರೊಬ್ಬರು ಕುಟುಂಬ ಸಮೇತ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬಂದ ಮೇಲೆ ತಮ್ಮ ಆಟೋಮ್ಯಾಟಿಕ್ ಕಾರನ್ನು ನನ್ನ ವರ್ಕ್‌ಶಾಪಿಗೆ ತಂದರು. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಕೈಯಲ್ಲಿ ನಡುಗುತ್ತದೆ, ಪೆಡಲಿನಿಂದ ಕಾಲು ತೆಗೆದ ತಕ್ಷಣ ನಿಂತುಹೋಗುತ್ತದೆ ಎಂಬುದು ಅವರ ದೂರು. ಅಷ್ಟರಲ್ಲಾಗಲೇ ಬೇರೊಂದು ಕಡೆ ವೀಲ್ ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಎರಡನ್ನೂ ಮಾಡಿಸಿಕೊಂಡಿದ್ದರು. ಅದರಿಂದ ಏನೂ ಪ್ರಯೋಜನವಾಗಿರಲಿಲ್ಲ, ಆಗುವಂತೆಯೂ ಇರಲಿಲ್ಲ. ಬ್ಯಾಲೆನ್ಸಿಂಗ್ ತಪ್ಪಿದ ಚಕ್ರ ಬ್ರೇಕ್ ಒತ್ತಿದರೂ ಒತ್ತದಿದ್ದರೂ ಒಂದು ನಿರ್ದಿಷ್ಟ ವೇಗದಲ್ಲಿ ನಡುಗಿಸುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಕ ಬರುವುದಾದರೆ ಮೊದಲು ನೋಡಬೇಕಾದದ್ದು ಚಕ್ರದ ಜೊತೆಗೇ ತಿರುಗುವ ಬ್ರೇಕಿನ ಡಿಸ್ಕು ಅಥವಾ ಡ್ರಮ್ಮನ್ನು. ಸ್ಟೀರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರದ ಕಡೆ, ಸೀಟಿನಲ್ಲಿ ಹೆಚ್ಚು ಗೊತ್ತಾದರೆ ಹಿಂದಿನ ಕಡೆ ಹುಡುಕಬೇಕು.

ಘಾಟಿಯಲ್ಲಿ ಹೇಗೆ ಇಳಿದಿರಿ ಎಂದು ಕೇಳಿದೆ. ಗೇರನ್ನು ಡಿಯಲ್ಲೇ ಬಿಟ್ಟು, ಬ್ರೇಕಿನ ಮೇಲೆ ಸದಾ ಹಗುರವಾಗಿ ಕಾಲಿಟ್ಟುಕೊಂಡೇ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನೂ ಇಳಿದಿದ್ದರು. ಕೊನೆಯ ಮೂರ್ನಾಲ್ಕು ತಿರುವುಗಳಲ್ಲಿ ಪೆಡಲು ಗಟ್ಟಿಯಾಗಿಯೇ ಇತ್ತು, ಆದರೆ ಎಷ್ಟು ಒತ್ತಿದರೂ ಕಾರು ಮೊದಲಿನಂತೆ ಹಿಡಿಯುತ್ತಿರಲಿಲ್ಲ, ಏನೋ ಸುಟ್ಟ ವಾಸನೆ ಬರುತ್ತಿತ್ತು ಎಂದರು. ಕೆಳಗೆ ಬಂದ ಕೂಡಲೇ ಎಳನೀರಿನ ಅಂಗಡಿಯ ಮುಂದೆ ನಿಲ್ಲಿಸಿ, ರಸ್ತೆ ಇಳಿಜಾರಾಗಿದ್ದ ಕಾರಣ, ಉಳಿದವರು ಎಳನೀರು ಕುಡಿದು ಬರುವವರೆಗೆ ಬ್ರೇಕನ್ನು ಒತ್ತಿ ಹಿಡಿದೇ ಕುಳಿತಿದ್ದರಂತೆ. ನಡುಕದ ಬೀಜ ಬಿದ್ದದ್ದು ಬಹುಮಟ್ಟಿಗೆ ಅಲ್ಲಿಯೇ.

ಮೊದಲು ಶಾಖದ ಲೆಕ್ಕ ನೋಡೋಣ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಕಾರು ಸುಮಾರು ಅರ್ಧ ಕಿಲೋಮೀಟರ್ ಎತ್ತರವನ್ನು ಕಳೆದುಕೊಳ್ಳುತ್ತದೆ. ಕಾರಿನ ತೂಕ ಎಷ್ಟೇ ಇರಲಿ, ಆ ಎತ್ತರದ ಶಕ್ತಿಯನ್ನು ಬ್ರೇಕೊಂದೇ ನುಂಗಬೇಕಾದರೆ, ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲುವ ಬ್ರೇಕನ್ನು ಹನ್ನೆರಡು ಬಾರಿಗಿಂತ ಹೆಚ್ಚು ಹಾಕಿದಷ್ಟು ಶಾಖವಾಗುತ್ತದೆ. ಟೈರು, ಗಾಳಿ ಮತ್ತು ಎಂಜಿನ್ ಅದರಲ್ಲಿ ಒಂದು ಪಾಲನ್ನು ಹೊರುತ್ತವೆ ನಿಜ, ಆದರೆ ಎಂಜಿನ್ನಿಗೆ ಎಷ್ಟು ಪಾಲು ಕೊಡಬೇಕೆಂಬುದು ಚಾಲಕರು ಹಾಕಿದ ಗೇರಿನ ಮೇಲೆ ನಿಂತಿದೆ. ಘಾಟಿಯ ನಿಧಾನ ವೇಗದಲ್ಲಿ ಡಿಸ್ಕಿಗೆ ತಗಲುವ ಗಾಳಿಯೂ ಕಡಿಮೆ, ಡಿಸ್ಕನ್ನು ಎರಡೂ ಬದಿಯಿಂದ ಉಜ್ಜಿ ಹಿಡಿಯುವ ಪ್ಯಾಡು ಹಗುರವಾಗಿಯಾದರೂ ಸದಾ ಒತ್ತಿಕೊಂಡಿದ್ದರೆ ಡಿಸ್ಕಿಗೆ ಆರಲು ಬಿಡುವನ್ನೂ ಕೊಡುವುದಿಲ್ಲ.

ಪ್ಯಾಡು ಮಿತಿ ಮೀರಿ ಕಾದಾಗ ಅದರ ವಸ್ತುವನ್ನು ಹಿಡಿದಿಡುವ ರಾಳ ಕೆಟ್ಟು ಅನಿಲ ಹೊರಡುತ್ತದೆ, ಉಜ್ಜುವ ಹಿಡಿತ ಕಡಿಮೆಯಾಗುತ್ತದೆ. ಪೆಡಲು ಗಟ್ಟಿಯಾಗಿದ್ದೂ ಕಾರು ನಿಲ್ಲದಿರುವುದು ಇದರಿಂದಲೇ. ಹೀಗೆ ಕಾದ ಬ್ರೇಕು ಹಿಡಿತ ಕಳೆದುಕೊಳ್ಳುವುದಕ್ಕೆ ಬ್ರೇಕ್ ಫೇಡ್ ಎನ್ನುತ್ತಾರೆ. ಅದರ ಇನ್ನೊಂದು ರೂಪ ಇದಕ್ಕಿಂತ ಅಪಾಯಕಾರಿ: ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಕಟ್ಟಿದರೆ ಪೆಡಲು ಮೆತ್ತಗಾಗಿ ಕೆಳಗಿನವರೆಗೂ ಇಳಿದುಬಿಡುತ್ತದೆ. ಡಾಟ್ 4 ಆಯಿಲು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದೆ, ತೇವ ಹೀರಿದ ಮೇಲೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಮಲೆನಾಡಿನಂಥ ತೇವದ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲು ನಾನು ಒತ್ತಾಯಿಸುವುದು ಈ ಕಾರಣಕ್ಕೆ.

ಫೇಡ್ ಆದ ಬ್ರೇಕು ಆರಿದ ಮೇಲೆ ಮತ್ತೆ ಹಿಡಿಯುತ್ತದೆ, ಆದರೆ ನಡುಕ ಮಾತ್ರ ಉಳಿಯುತ್ತದೆ. 'ಡಿಸ್ಕ್ ಬೆಂಡಾಗಿದೆ' ಎಂದು ಗ್ಯಾರೇಜುಗಳಲ್ಲಿ ಹೇಳುವುದು ರೂಢಿ, ನಾನೂ ಮೊದಲ ಕೆಲವು ವರ್ಷ ಹಾಗೆಯೇ ಹೇಳುತ್ತಿದ್ದೆ. ಈ ಕಾರಿನ ಬಲ ಮುಂಚಕ್ರ ಬಿಚ್ಚಿ, ಹಬ್ಬಿನ ಮುಖದ ತುಕ್ಕು ಉಜ್ಜಿ, ಡಿಸ್ಕನ್ನು ನಟ್ಟುಗಳಿಂದ ಬಿಗಿದು ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಓಲಾಟ 0.03 ಮಿ.ಮೀ. ಮಾತ್ರ ಕಂಡಿತು. ಎಂದರೆ ಡಿಸ್ಕು ನೇರವಾಗಿಯೇ ಇತ್ತು. ಆಮೇಲೆ ಮೈಕ್ರೋಮೀಟರಿನಲ್ಲಿ, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, ಸುತ್ತಲೂ ಎಂಟು ಕಡೆ ದಪ್ಪ ಅಳೆದೆ. ಒಂದು ಕಡೆ 21.42, ಅದರ ಎದುರು ಬದಿಯಲ್ಲಿ 21.38. ಎಡ ಡಿಸ್ಕಿನಲ್ಲಿ ವ್ಯತ್ಯಾಸ 0.01ರೊಳಗೇ ಇತ್ತು.

0.04 ಮಿಲಿಮೀಟರ್ ಎಂದರೆ ತೆಳುವಾದ ಕಾಗದದ ದಪ್ಪವೂ ಅಲ್ಲ. ಆದರೂ ದಪ್ಪನೆಯ ಭಾಗ ಪ್ಯಾಡುಗಳ ನಡುವೆ ಬಂದಾಗಲೆಲ್ಲ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಹಿಂದೆ ತಳ್ಳಲ್ಪಟ್ಟು ಒತ್ತಡ ಏರುತ್ತದೆ, ಹಿಡಿತ ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಈ ಚಕ್ರ ಸೆಕೆಂಡಿಗೆ ಸುಮಾರು ಹನ್ನೆರಡು ಸುತ್ತು ತಿರುಗುತ್ತದೆ. ಆ ಲಯ ಸಸ್ಪೆನ್ಷನ್ ಮತ್ತು ಸ್ಟೀರಿಂಗಿನ ಸ್ವಂತ ಓಲಾಟದ ಲಯಕ್ಕೆ ಹತ್ತಿರ ಬಂದಾಗ ಸಣ್ಣ ಏರುಪೇರೂ ದೊಡ್ಡ ನಡುಕವಾಗುತ್ತದೆ. ಊರೊಳಗಿನ 40ರ ವೇಗದಲ್ಲಿ ಏನೂ ಇಲ್ಲವೆನ್ನಿಸುವುದು ಇದಕ್ಕೇ.

ಆ ಹೆಚ್ಚುವರಿ ದಪ್ಪ ಎಲ್ಲಿಂದ ಬಂತೆಂಬುದು ಡಿಸ್ಕಿನ ಮೇಲೆಯೇ ಬರೆದಿತ್ತು. ಟಾರ್ಚನ್ನು ಓರೆಯಾಗಿ ಹಿಡಿದಾಗ ಹೊಳೆಯುವ ಮೈಮೇಲೆ, ಅಚ್ಚೊತ್ತಿದಂತೆ ಪ್ಯಾಡಿನದೇ ಆಕಾರದ ಕಪ್ಪು ಛಾಯೆಯೊಂದು ಕಂಡಿತು. ಉಗುರಿಗೆ ಸಿಗದಷ್ಟು ತೆಳುವಾಗಿದ್ದರೂ ಅದರ ಅಂಚು ಸ್ಪಷ್ಟವಾಗಿತ್ತು. ಕೆಂಡದಂತೆ ಕಾದ ಡಿಸ್ಕನ್ನು ಪ್ಯಾಡು ಅಲುಗದೆ ಒಂದೇ ಜಾಗದಲ್ಲಿ ಹಿಡಿದುಕೊಂಡಾಗ ಪ್ಯಾಡಿನ ವಸ್ತು ಅಲ್ಲಿಗೇ ಮೆತ್ತಿಕೊಂಡಿತ್ತು. ನಂತರದ ಪ್ರತಿ ಬ್ರೇಕಿನಲ್ಲೂ ಆ ಜಾಗ ಹೆಚ್ಚು ಉಜ್ಜಿ, ಹೆಚ್ಚು ಕಾದು, ಇನ್ನಷ್ಟು ಮೆತ್ತಿಸಿಕೊಳ್ಳುತ್ತದೆ. ಆದ್ದರಿಂದ ಇಂಥ ನಡುಕ ತಾನಾಗಿ ಕಡಿಮೆಯಾಗುವುದು ಅಪರೂಪ.

ಮೆತ್ತಿದ್ದು ಹೊಸದಾಗಿದ್ದರೆ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ನಡುನಡುವೆ ಆರಲು ಬಿಟ್ಟು ಎಂಟ್ಹತ್ತು ಬಾರಿ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಸವೆದುಹೋಗುವುದುಂಟು. ಇಲ್ಲಿ ನಡುಕ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪ 20 ಮಿ.ಮೀ. ಎಂದು ಅಚ್ಚು ಹಾಕಿತ್ತು, ಆದ್ದರಿಂದ ಎರಡೂ ಡಿಸ್ಕುಗಳನ್ನು ಲೇತ್‌ನಲ್ಲಿ ತೆಳುವಾಗಿ ಕೆತ್ತಿಸಲು ಜಾಗವಿತ್ತು. ಗಾಜಿನಂತೆ ಹೊಳಪು ಬಂದಿದ್ದ ಪ್ಯಾಡುಗಳನ್ನು ಜೋಡಿಯಾಗಿ ಬದಲಿಸಿ, ಆಯಿಲ್ ಬದಲಿಸಿ, ನಟ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಸಮನಾಗಿ ಬಿಗಿದೆ. ನಡುಕ ನಿಂತಿತು.

ಮುಂದೆ ಇಳಿಯುವಾಗ ಲಿವರನ್ನು 2 ಅಥವಾ ಎಲ್‌ಗೆ ಹಾಕಿ ಎಂಜಿನ್ ಕೂಗಿದರೆ ಕೂಗಲಿ ಎಂದು ಬಿಡುವಂತೆ ಹೇಳಿದೆ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ, ತಗ್ಗಿಸಿ, ಪೂರ್ತಿ ಬಿಟ್ಟುಬಿಡಬೇಕು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ, ಅದರಿಂದ ಉಳಿತಾಯವೂ ಇಲ್ಲ: ಇಂದಿನ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ. ವಾಸನೆ ಬಂದರೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಟೋಮ್ಯಾಟಿಕ್ ಆದರೆ ಪಿ, ಇಲ್ಲದಿದ್ದರೆ ಮೊದಲ ಗೇರು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಕಾಲನ್ನೂ ಹ್ಯಾಂಡ್‌ಬ್ರೇಕನ್ನೂ ಬಿಟ್ಟು ಅರ್ಧ ಗಂಟೆ ಆರಲು ಬಿಡಬೇಕು. ನೀರು ಹೊಯ್ಯುವುದು ಬೇಡ, ಬಿಸಿ ಎರಕದ ಕಬ್ಬಿಣ ಬಿರುಕು ಬಿಡಬಹುದು.

ಇಷ್ಟೆಲ್ಲ ಮಾಡಿದರೂ ಕೆತ್ತಿಸಿದ ಡಿಸ್ಕು ಎಲ್ಲ ಕಾರಿಗೂ ಉಳಿಯುವುದಿಲ್ಲ. ಇದೇ ರೀತಿ ಕಾದು ಬಂದ ಇನ್ನೊಂದು ಕಾರಿನಲ್ಲಿ, ಕೆತ್ತಿಸಿದ ಮೂರು ವಾರಕ್ಕೆ ನಡುಕ ಮತ್ತೆ ಶುರುವಾಗಿತ್ತು. ಅದರ ಡಿಸ್ಕಿನ ಮೇಲೆ ನೀಲಿ ಮಚ್ಚೆಗಳಿದ್ದವು. ಅಷ್ಟು ಕಾದಾಗ ಕಬ್ಬಿಣ ಅಲ್ಲಲ್ಲಿ ಆಳದವರೆಗೆ ಗಡಸಾಗುತ್ತದೆ, ಮೇಲ್ಮೈಯನ್ನು ಎಷ್ಟು ನಯ ಮಾಡಿದರೂ ಗಡಸು ಜಾಗ ಕಡಿಮೆ ಸವೆದು ಮತ್ತೆ ಉಬ್ಬಾಗಿ ನಿಲ್ಲುತ್ತದೆ. ಆ ಕಾರಿಗೆ ಎರಡೂ ಡಿಸ್ಕುಗಳನ್ನು ಹೊಸದಾಗಿಯೇ ಹಾಕಬೇಕಾಯಿತು, ಕೆತ್ತಿಸಿದ ಕೂಲಿಯನ್ನು ನಾನು ತೆಗೆದುಕೊಳ್ಳಲಿಲ್ಲ.