ಎರಡು ಉತ್ತರ ಬಂದಿದೆ ಮೇಡಂ, 2 ಯಾಕೆ ಆಗಲ್ಲ?

ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುವ ನನಗೆ ಲೆಕ್ಕದ ಫೋಟೊಗಳು ಬರುತ್ತಲೇ ಇರುತ್ತವೆ. "ಮೇಡಂ, ಇದು ಬರ್ತಿಲ್ಲ" ಅಂತ ಕೆಳಗೊಂದು ಸಾಲು, ಅಷ್ಟೇ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ನಾನು ಊಹಿಸಬೇಕು. ಜಗಳೂರು ಕಡೆಯ ಹುಡುಗಿಯೊಬ್ಬಳು ಫೋಟೊ ಜೊತೆ ಪತ್ರವನ್ನೂ ಬರೆದಿದ್ದಾಳೆ:

"ಮೇಡಂ, ಗೆಳತಿಯ ನೋಟ್ಸಿನ ಫೋಟೊ ಇದು. ಹಾಳೆ ಮಡಚಿದ ಕಡೆ ನೆರಳು ಬಿದ್ದಿದೆ. ವರ್ಗಮೂಲದ ಗೆರೆ 7ರ ಮೇಲೂ ಇದೆ ಅಂದುಕೊಂಡು √(x + 7) = x − 5 ಅಂತ ಬರೆದುಕೊಂಡೆ. ಎರಡೂ ಕಡೆ ವರ್ಗ ಮಾಡಿದೆ. x + 7 = x² − 10x + 25 ಬಂತು. ಒಂದೇ ಕಡೆ ತಂದರೆ x² − 11x + 18 = 0. ಅಪವರ್ತನ ಮಾಡಿದರೆ x = 9 ಅಥವಾ 2. ತಾಳೆ ನೋಡಿದೆ. 9 ಸರಿ ಹೋಯಿತು. 2 ಹಾಕಿದರೆ ಎಡಗಡೆ √9, ಬಲಗಡೆ −3. ಆದರೆ (−3)² ಕೂಡ 9 ಅಲ್ವಾ? ಮತ್ತೆ 2 ಯಾಕೆ ಆಗಲ್ಲ? ನನ್ನ ಹೆಜ್ಜೆಯಲ್ಲಿ ತಪ್ಪೇನೂ ಕಾಣ್ತಿಲ್ಲ."

ತಪ್ಪು ನಿಜವಾಗಿಯೂ ಇಲ್ಲ. y² = 9 ಅಂದರೆ y ಗೆ 3, −3 ಎರಡೂ ಬೆಲೆ ಇವೆ. ಆದರೆ √ ಚಿಹ್ನೆ ಹಾಕಿದ ಮೇಲೆ ಋಣವಲ್ಲದ ಮೂಲ ಮಾತ್ರ ತೆಗೆದುಕೊಳ್ಳಬೇಕು. √9 ಅಂದರೆ 3, ಅಷ್ಟೇ. ಹಾಗಾಗಿ 2 ಹಾಕಿದಾಗ 3 = −3 ಆಗುತ್ತದೆ, ಅದು ಸುಳ್ಳು.

ಹಾಗಾದರೆ ಈ 2 ಬಂದದ್ದು ಎಲ್ಲಿಂದ? ವರ್ಗ ಮಾಡುವ ಹೆಜ್ಜೆಯಿಂದ. 3 ಮತ್ತು −3 ಬೇರೆ ಬೇರೆ. ವರ್ಗ ಮಾಡಿದ ಮೇಲೆ ಎರಡೂ 9. ಅಲ್ಲಿಗೆ ಚಿಹ್ನೆಯ ಗುರುತು ಅಳಿಸಿಹೋಯಿತು. √(x + 7) = 5 − x ಅನ್ನುವ ಇನ್ನೊಂದು ಸಮೀಕರಣವನ್ನು ವರ್ಗ ಮಾಡಿ ನೋಡಿ, ಇದೇ x² − 11x + 18 = 0 ಬರುತ್ತದೆ. 2 ಅದರ ಉತ್ತರ. ಹಾಕಿದರೆ 3 = 3, ಸರಿಯಾಗಿದೆ. ಪಕ್ಕದ ಮನೆಯ ಕಾಗದ ನಮ್ಮ ಮನೆಗೆ ಬಂದ ಹಾಗೆ.

ಇದನ್ನು ಮೊದಲೇ ಹಿಡಿಯಬಹುದು. ಎಡಗಡೆ ವರ್ಗಮೂಲ ಇರುವುದರಿಂದ x − 5 ಋಣ ಆಗುವ ಹಾಗಿಲ್ಲ. ಅಂದರೆ x ಕನಿಷ್ಠ 5 ಇರಬೇಕು. 2 ಅಲ್ಲೇ ಹೊರಗೆ ಬೀಳುತ್ತದೆ. ಆದರೂ ತಾಳೆ ನೋಡುವುದನ್ನು ಬಿಡಬಾರದು, ಕೂಡಿಸುವಾಗ ಕಳೆಯುವಾಗ ಆದ ತಪ್ಪು ಅಲ್ಲೇ ಸಿಗುವುದು.

ನನಗೆ ಜಾಸ್ತಿ ಹಿಡಿಸಿದ್ದು ಅವಳು ನೆರಳಿನ ವಿಷಯ ಬರೆದದ್ದು. ಗೆರೆ x ಮೇಲೆ ಮಾತ್ರ ಇದ್ದರೆ ಲೆಕ್ಕ √x + 7 = x − 5. ಆಗ √x = x − 12. ವರ್ಗ ಮಾಡಿದರೆ x² − 25x + 144 = 0, x = 16 ಅಥವಾ 9. ಇಲ್ಲಿ 16 ಸರಿ. 9 ಹಾಕಿದರೆ 10 = 4 ಆಗುತ್ತದೆ, ಬಿಡಬೇಕು. ಹಾಗಾಗಿ ಅವಳ ಉತ್ತರ 9ಕ್ಕೆ ನಾನಿನ್ನೂ ರೈಟ್ ಹಾಕಿಲ್ಲ. ಹಾಳೆಯನ್ನು ಬೆಳಕಿಗೆ ಬಿಡಿಸಿಟ್ಟು ಇನ್ನೊಂದು ಫೋಟೊ ತೆಗೆಯಲು ಹೇಳಿದ್ದೇನೆ.